ಒರಗು ಮೇಷ್ಟ್ರ ಡೊಂಕು ತ್ರಿಭುಜ

ಆ ಶಾಲೆಯ ಗೋಡೆಗಳು ಇವತ್ತಿಗೂ ಬೀಳದೆ ನಿಂತಿರುವುದಕ್ಕೆ ಕಾರಣ ಸಿಮೆಂಟಲ್ಲ, ಗಣಿತದ ಮೇಷ್ಟ್ರು ಎಂಬ ನಂಬಿಕೆ ಮಕ್ಕಳಲ್ಲಿ ಬಹಳ ಕಾಲದಿಂದ ಬೇರೂರಿತ್ತು. ಮೇಷ್ಟ್ರು ನೆಟ್ಟಗೆ ನಿಂತದ್ದನ್ನು ಕಂಡವರಿಲ್ಲ. ಗೋಡೆ ಸಿಕ್ಕರೆ ಗೋಡೆಗೆ, ಬಾಗಿಲು ಸಿಕ್ಕರೆ ಬಾಗಿಲಿಗೆ, ಏನೂ ಸಿಗದಿದ್ದರೆ ಪಕ್ಕದಲ್ಲಿ ನಿಂತ ವಿಜ್ಞಾನದ ಮೇಷ್ಟ್ರಿಗೆ ಒರಗುತ್ತಿದ್ದರು. ಶಾಲೆಯ ಗುಂಪು ಫೋಟೋದಲ್ಲಿ ಅವರು ಧ್ವಜದ ಕಂಬಕ್ಕೆ ಒರಗಿದ್ದಾರೆ. ಫೋಟೋ ನೋಡಿದವರಿಗೆ ಕಂಬವೇ ಅವರಿಗೆ ಒರಗಿದಂತೆ ಕಾಣುತ್ತದೆ. ಒಮ್ಮೆ ಅವರು ಜ್ವರವೆಂದು ರಜೆ ಹಾಕಿ ಮನೆಯಲ್ಲಿದ್ದಾಗ ಶಾಲೆಯ ಹಿತ್ತಲ ಕಾಂಪೌಂಡು ಗೋಡೆ ದಡಾರನೆ ಉರುಳಿತು. ಮಳೆಗೆ ಬುಡ ನೆನೆದಿತ್ತು ಎಂದು ಇಂಜಿನಿಯರು ವರದಿ ಕೊಟ್ಟರು. ಮಕ್ಕಳು ವರದಿಯನ್ನು ನಂಬಲಿಲ್ಲ. ಮೇಷ್ಟ್ರು ಮರಳಿ ಬಂದ ದಿನ ಒಬ್ಬ ಪುಟಾಣಿ ಅವರ ಕೈ ಹಿಡಿದು ಎಳೆದುಕೊಂಡು ಹೋಗಿ, "ಸಾರ್, ಉಳಿದ ಕಡೆನಾದ್ರೂ ಸ್ವಲ್ಪ ಒರಗಿ ಸಾರ್" ಎಂದು ಬೇಡಿಕೊಂಡನಂತೆ. ಅಂದಿನಿಂದ ಅವರ ಹೆಸರು ಒರಗು ಮೇಷ್ಟ್ರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಪುರಾಣ ಹೀಗಿದ್ದರೂ ಒಳಗಿನ ಕತೆ ಚಿಕ್ಕದು. ಮೇಷ್ಟ್ರಿಗೆ ಸುಸ್ತು. ಮೂರು ದಶಕ ನಿಂತು ಪಾಠ ಹೇಳಿದ ಮೊಣಕಾಲು, ಕರಿಹಲಗೆಯತ್ತ ಎತ್ತಿ ಎತ್ತಿ ಸೋತ ಭುಜ, ಬಲಗೈಯ ಬೆರಳ ಸಂದಿಯಿಂದ ತೊಳೆದರೂ ಹೋಗದ ಚಾಕ್ ಪುಡಿ. ಬೆಳಗ್ಗೆ ಎದ್ದಾಗಲೇ ಸಂಜೆಯಾದಂತೆ ಇರುತ್ತಿತ್ತು ಅವರ ಮುಖ. ಇಷ್ಟಾದರೂ ಹೇಗೋ ಬಂಡಿ ಸಾಗುತ್ತಿತ್ತು. ಆದರೆ ಈ ವರ್ಷ ಗಂಟಲು ಕೈಕೊಟ್ಟಿತು.

ಮೊದಲು ಸ್ವರ ಬಿರುಕು ಬಿಟ್ಟಿತು, ಆಮೇಲೆ ಒಡೆಯಿತು, ಕೊನೆಗೆ ಎರಡನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ ಪೂರ್ತಿ ಮಾಯವಾಗತೊಡಗಿತು. ಗಂಟಲ ಡಾಕ್ಟರು ಸಣ್ಣ ಕನ್ನಡಿ ಒಳಗಿಟ್ಟು ನೋಡಿ, ಸ್ವರತಂತುಗಳ ಮೇಲೆ ಗಂಟು ಕಟ್ಟಿದೆ ಎಂದರು.

"ದಿನಕ್ಕೆ ಎಷ್ಟು ಹೊತ್ತು ಮಾತಾಡ್ತೀರಿ?"

"ನಾನು ಮೇಷ್ಟ್ರು ಡಾಕ್ಟ್ರೇ."

"ಹಾಗಾದ್ರೆ ಕಿರುಚ್ತೀರಿ ಅನ್ನಿ. ಕಿರುಚೋದು ಬಿಡಿ, ಇಲ್ಲಾಂದ್ರೆ ಕೆಲಸ ಬಿಡಿ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ನಿಟ್ಟುಸಿರು ಬಿಟ್ಟು, "ಮನೇಲಿ ಒಂದ್ ಮಾತೂ ಆಡಲ್ಲ ಡಾಕ್ಟ್ರೇ. ಇರೋ ದನಿಯೆಲ್ಲ ಊರ ಮಕ್ಕಳಿಗೇ ಖರ್ಚು ಮಾಡಿದ್ದಾರೆ" ಎಂದರು.

ಶಾಲೆಯ ಹೆಡ್ ಮೇಡಂ ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವರು, ಚುರುಕು, ತರಬೇತಿಗೆ ಹೋದರೆ ಏನಾದರೂ ಹೊಸತನ್ನು ಹೊತ್ತು ತರದೆ ಬರುವವರಲ್ಲ. ಅವರು ಡಾಕ್ಟರ ಚೀಟಿ ಓದಿ, ಕನ್ನಡಕ ತೆಗೆದಿಟ್ಟು ಹೇಳಿದರು: "ಮೇಷ್ಟ್ರೇ, ಲೈಬ್ರರಿ ಖಾಲಿ ಇದೆ. ಕೂತ್ಕೊಂಡು ಮಾಡೋ ಕೆಲಸ. ಅಥವಾ ಫ್ಲಿಪ್ಡ್ ಕ್ಲಾಸ್ ಮಾಡ್ನೋಡಿ. ಪಾಠನ ಚಿಕ್ಕ ಚಿಕ್ಕ ವಿಡಿಯೋ ಮಾಡಿ ಕಳಿಸೋದು, ಮಕ್ಕಳು ಮನೇಲಿ ನೋಡ್ಕೊಂಡು ಬರೋದು, ಲೆಕ್ಕ ಮಾತ್ರ ಕ್ಲಾಸಲ್ಲಿ. ಮನೇಲಿ ಮಾಡೋದು ಇಲ್ಲಿ, ಇಲ್ಲಿ ಮಾಡೋದು ಮನೇಲಿ. ಈ ತ್ರಿಭುಜದ ಅಧ್ಯಾಯ ಮುಗಿಯೋ ತನಕ ನೋಡೋಣ. ಸರಿಹೋದ್ರೆ ಕ್ಲಾಸ್ ನಿಮ್ದು. ಇಲ್ಲಾಂದ್ರೆ ಲೈಬ್ರರಿ ಬೀಗದ ಕೈ ನಿಮ್ದು."

ಲೈಬ್ರರಿಯಲ್ಲಿ ಕುರ್ಚಿ ಇತ್ತು, ಫ್ಯಾನ್ ಇತ್ತು, ಒರಗುವುದಕ್ಕೆ ನಾಲ್ಕು ಗೋಡೆಯ ಜೊತೆ ಹನ್ನೆರಡು ಬೀರು ಇದ್ದವು. ಸ್ವರ್ಗವೆಂದರೆ ಇನ್ನೇನು? ಮೇಷ್ಟ್ರು ಒಂದು ರಾತ್ರಿ ಅದನ್ನೇ ನೆನೆಸಿಕೊಂಡು ಸುಖವಾಗಿ ಮಲಗಬೇಕಿತ್ತು, ಮಲಗಲಾಗಲಿಲ್ಲ. ತಪ್ಪು ಲೆಕ್ಕ ಮಾಡುತ್ತಿರುವ ಮಗುವಿನ ಹಣೆಯಲ್ಲಿ ಒಂದು ಗೆರೆ ಮೂಡುತ್ತದೆ. ತಪ್ಪು ಎಲ್ಲಿ ಎಂದು ಅದಕ್ಕೇ ಹೊಳೆದಾಗ ಆ ಗೆರೆ ಅಳಿಸಿ ಹೋಗುತ್ತದೆ. ಮೇಷ್ಟ್ರಿಗೆ ಇಷ್ಟು ವರ್ಷದಲ್ಲಿ ಬೇಸರ ಬಾರದೆ ಉಳಿದದ್ದು ಅದೊಂದೇ. ಲೈಬ್ರರಿಯ ಬೀರುಗಳಿಗೆ ಹಣೆ ಇರಲಿಲ್ಲ.

ಹೀಗೆ ಭಾನುವಾರದ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಮಹಾಯುದ್ಧ ಶುರುವಾಯಿತು. ಆಯುಧಗಳು: ಒಂದು ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್ನು, ಅಳತೆಪಟ್ಟಿ, ಕೋನಮಾಪಕ, ಮತ್ತು ಮಗಳು ಬಿಟ್ಟುಹೋದ ಹಳೆಯ ಮೊಬೈಲು. ಮೊಬೈಲನ್ನು ಎಲ್ಲಾದರೂ ಎತ್ತರದಲ್ಲಿ ನಿಲ್ಲಿಸಿ ಹಾಳೆಯತ್ತ ಮುಖ ಮಾಡಬೇಕಿತ್ತು. ಮೇಷ್ಟ್ರು ಕಪಾಟಿನತ್ತ ಕೈ ಚಾಚಿದರು.

"ರೀ, ಆ ಉದ್ದ ಡಬ್ಬಿ ಮುಟ್ಬೇಡಿ. ಹಿಟ್ಟಿದೆ."

"ಐದು ನಿಮಿಷ ಕಣೇ."

"ನಿಮ್ಮ ಐದು ನಿಮಿಷ ನನಗೆ ಗೊತ್ತಿಲ್ವಾ? ಸಕ್ಕರೆ ಡಬ್ಬಿ ತಗೊಳ್ಳಿ. ಇರುವೆ ಹತ್ತಿದ್ರೆ ನೀವೇ ಒರೆಸ್ಬೇಕು."

ಸಕ್ಕರೆ ಡಬ್ಬಿ ಗಿಡ್ಡದು, ಅಷ್ಟು ತಗ್ಗಿನಿಂದ ನೇರ ಕೆಳಗೆ ನೋಡಿದರೆ ಹಾಳೆ ಪೂರ್ತಿ ಕಾಣದು. ಅದರ ಮುಚ್ಚಳದ ಮೇಲೆ ಮೊಬೈಲನ್ನು ಮುಂದಕ್ಕೆ ಬಾಗಿಸಿ ನಿಲ್ಲಿಸಿ, ಬಟ್ಟೆ ಕ್ಲಿಪ್ಪು ಮತ್ತು ರಬ್ಬರ್ ಬ್ಯಾಂಡುಗಳಿಂದ ಬಿಗಿದರು. ಮೇಷ್ಟ್ರ ಮೊಬೈಲಲ್ಲವೇ, ಅದೂ ಮೇಷ್ಟ್ರಂತೆಯೇ ಒರಗಿ ನಿಂತಿತು.

ಒಂದು ವಿಡಿಯೋಗೆ ಒಂದೇ ವಿಷಯ. ಐದಾರು ನಿಮಿಷಕ್ಕಿಂತ ಹೆಚ್ಚಿಲ್ಲ. ನಡುವೆ ಒಂದು ಕಡೆ "ಇಲ್ಲಿ ನಿಲ್ಲಿಸಿ, ನೀವೇ ಯೋಚಿಸಿ" ಎನ್ನುವುದು, ಕೊನೆಗೆ ಒಂದು ಪ್ರಶ್ನೆ; ಅದರ ಉತ್ತರ ಬರೆದುಕೊಂಡು ಬಂದವರು ನೇರ ಲೆಕ್ಕಕ್ಕೆ ಕೂರಬಹುದು. ಗಂಟಲಿಗೆ ಬಿಸಿನೀರು ಬಿಟ್ಟುಕೊಂಡು, ತುಂಡು ತುಂಡಾಗಿ, ಮೇಷ್ಟ್ರು ಮಾತಾಡಿದರು. ಪಕ್ಕದ ಮನೆಯ ಮಿಕ್ಸಿ, ಹಾದುಹೋದ ಸ್ಕೂಟರು, ಹೆಂಡತಿಯ "ರೀ, ಹಾಲು!" ಎಲ್ಲವೂ ರೇಖಾಗಣಿತದ ಭಾಗವಾದವು.

ತರಗತಿಯಲ್ಲಿ ನೋಡಿದರೆ ಹೊಸ ಪ್ರಪಂಚ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಅರ್ಧ ಮಕ್ಕಳು ವಿಡಿಯೋ ನೋಡಿಕೊಂಡು ಬಂದರು, ಕಾಲು ಭಾಗ ನೋಡಿದೆ ಎಂದು ಹೇಳಿಕೊಂಡು ಬಂದರು, ಉಳಿದವರು ಮನೆಯಲ್ಲಿ ಮೊಬೈಲೇ ಇಲ್ಲದವರು. ಇವರಿಗಾಗಿ ತರಗತಿಯ ಮೂಲೆಯಲ್ಲಿ ಶಾಲೆಯ ಟ್ಯಾಬ್ಲೆಟ್ಟು ಇಟ್ಟಿದ್ದರು. ಮೊದಲು ಅಲ್ಲಿ ಕೂತು ನೋಡಿ, ಆಮೇಲೆ ಗುಂಪಿಗೆ ಸೇರುವುದು. ಒಬ್ಬ ಹುಡುಗ ಎಲ್ಲ ವಿಡಿಯೋಗಳನ್ನೂ ಇಮ್ಮಡಿ ವೇಗದಲ್ಲಿ ನೋಡುತ್ತಿದ್ದ. ಅವನ ಹೆಸರೇ ಡಬಲ್ ಸ್ಪೀಡು. ತರಗತಿಯಲ್ಲಿ ನಿಜವಾದ ಮೇಷ್ಟ್ರು ಮಾತಾಡಿದರೆ ಅವನಿಗೆ ನಿದ್ದೆ ಬರುತ್ತಿತ್ತು. "ಸಾರ್, ನೀವು ವಿಡಿಯೋದಲ್ಲಿ ಚುರುಕಾಗಿದ್ದೀರಿ" ಎಂದು ಅವನು ಮೆಚ್ಚಿಗೆ ಸೂಚಿಸಿದ. ಮೂವತ್ತು ವರ್ಷದಲ್ಲಿ ಮೇಷ್ಟ್ರನ್ನು ಚುರುಕು ಎಂದವನು ಅವನೊಬ್ಬನೇ.

ನಾಲ್ಕು ನಾಲ್ಕು ಮಕ್ಕಳ ಗುಂಪು. ಪ್ರತಿ ಗುಂಪಿಗೂ ಸುಲಭದಿಂದ ಕಷ್ಟಕ್ಕೆ ಏರುವ ಲೆಕ್ಕಗಳ ಹಾಳೆ. ಮೇಷ್ಟ್ರು ಈ ಬೆಂಚಿನಿಂದ ಆ ಬೆಂಚಿಗೆ ಒರಗುತ್ತ ಸಾಗುವುದು, ಸಿಕ್ಕಿಹಾಕಿಕೊಂಡ ಕಡೆ ಬೆರಳಿಟ್ಟು ತೋರಿಸುವುದು, ಪಿಸುದನಿಯಲ್ಲಿ ಒಂದು ಪ್ರಶ್ನೆ ಕೇಳಿ ಮುಂದೆ ಹೋಗುವುದು. ಸುಸ್ತೇನೂ ಕಡಿಮೆಯಾಗಲಿಲ್ಲ. ಗಂಟಲಿನಿಂದ ಇಳಿದು ಕಾಲಿಗೆ ಬಂತು, ಅಷ್ಟೆ. ಆದರೆ ಹಣೆಯ ಗೆರೆಗಳು ಈಗ ಹತ್ತಿರದಿಂದ ಕಾಣುತ್ತಿದ್ದವು.

ಅಷ್ಟರಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತದ ಪಾಠ ಬಂತು. ವಿಡಿಯೋದಲ್ಲಿ ಮೇಷ್ಟ್ರು ದೊಡ್ಡದೊಂದು ತ್ರಿಭುಜ ಬರೆದರು. ಪಾದದ ಎರಡು ಕೋನ ಐವತ್ತು, ಅರವತ್ತು. ಮೇಲಿನ ಶೃಂಗದಲ್ಲಿ ಎಪ್ಪತ್ತು. ಕೂಡಿದರೆ ನೂರ ಎಂಬತ್ತು. "ಇದು ಅಳೆದದ್ದು. ಅಳೆದದ್ದು ಸಾಧನೆ ಅಲ್ಲ" ಎಂದು ಹೇಳಿ, ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಪಾದದ ಕೋನಗಳು ಪರ್ಯಾಯ ಕೋನಗಳಾಗಿ ಮೇಲಿನ ಗೆರೆಗೆ ಹತ್ತಿ ಕೂರುತ್ತವೆ. ಮೂರೂ ಸೇರಿ ಒಂದು ನೇರ ಗೆರೆಯ ಮೇಲಿನ ಸರಳ ಕೋನವಾಗುತ್ತವೆ. ಮುಗಿಯಿತು. ಮನೆಗೆ ಪ್ರಶ್ನೆ: ನಿಮ್ಮದೇ ಒಂದು ತ್ರಿಭುಜ ಬರೆದು, ಅಳೆದು, ಇದೇ ರೀತಿ ಸಾಧಿಸಿ. ಮಾತು ಮುಗಿಸಿ, ಹಾಳೆಯ ಮೇಲೇ ಕುಡಿದಿಟ್ಟಿದ್ದ ಚಹಾದ ಲೋಟವನ್ನು ಎತ್ತಿದರು. ಹಾಳೆಯ ಮೂಲೆಯಲ್ಲಿ ಚಹಾದ ಉಂಗುರ ಉಳಿಯಿತು, ವಿಡಿಯೋದಲ್ಲೂ ಬಂತು. ಇನ್ನೊಮ್ಮೆ ತೆಗೆಯುವ ತ್ರಾಣವಿರಲಿಲ್ಲ, ಹಾಗೇ ಕಳಿಸಿದರು.

ಮಾರನೆಯ ಬೆಳಗ್ಗೆ ಶಾಲೆಯ ಬಾಗಿಲಲ್ಲೇ ಹೆಡ್ ಮೇಡಂ ಕಾಯುತ್ತಿದ್ದರು.

"ಮೇಷ್ಟ್ರೇ, ಬಸ್ ಕಂಡಕ್ಟರ್ ಫೋನ್ ಮಾಡಿದ್ರು. ನಿಮ್ಮ ಕ್ಲಾಸಲ್ಲಿ ಆ ಜಗಳಗಂಟಿ ಹುಡುಗಿ ಇದ್ದಾಳಲ್ಲ, ಅವಳಪ್ಪ. ಮಗಳು ತ್ರಿಭುಜ ಬರೆಯೋಕೆ ಸೋಮಾರಿತನ ಮಾಡಿ ಮೊಬೈಲ್ ಮೇಲೇ ಕೋನಮಾಪಕ ಇಟ್ಟು ಅಳೆದಳಂತೆ. ನೀವು ಐವತ್ತು ಅಂದಿದ್ದು ನಲವತ್ತಿದೆ, ಅರವತ್ತು ಅಂದಿದ್ದು ಐವತ್ತಿದೆ, ಎಪ್ಪತ್ತು ಅಂದಿದ್ದು ತೊಂಬತ್ತಿದೆ. 'ನಿಮ್ಮ ಮೇಷ್ಟ್ರ ವಿಡಿಯೋ ಸುಳ್ಳು ಹೇಳ್ತದೆ, ನಾನು ಚಿಲ್ಲರೆ ತಪ್ಪು ಕೊಟ್ರೆ ಜನ ಬಿಡ್ತಾರಾ?' ಅಂದ್ರು. ಮೂರು ಜನ ಪೇರೆಂಟ್ಸು ಗ್ರೂಪಲ್ಲಿ ಹೌದು ಹೌದು ಅಂತ ಹಾಕಿದ್ದಾರೆ. ಇವತ್ತಿನ ಕ್ಲಾಸಿಗೆ ನಾನೂ ಬರ್ತೀನಿ. ನೀವೇ ವಿವರಿಸಿ. ಆಮೇಲೆ ತೀರ್ಮಾನ ಮಾಡೋಣ."

ಮೇಷ್ಟ್ರು ಸ್ಟಾಫ್ ರೂಮಿನ ಗೋಡೆಗೆ ಒರಗಿ ತಮ್ಮ ಮೊಬೈಲಿನ ಮೇಲೆ ಕೋನಮಾಪಕ ಇಟ್ಟರು. ನಲವತ್ತು. ಐವತ್ತು. ತೊಂಬತ್ತು. ಆಮೇಲೆ ಕಣ್ಣು ಹಾಳೆಯ ಮೂಲೆಗೆ ಹೋಯಿತು, ಚಹಾದ ಉಂಗುರಕ್ಕೆ. ಎಲ್ಲವೂ ಹೊಳೆಯಿತು. ಹೊಳೆದು ಏನು ಪ್ರಯೋಜನ? ವಿವರಿಸಬೇಕಲ್ಲ. ಬಾಯಿ ತೆರೆದು ನೋಡಿದರು. ತುಕ್ಕು ಹಿಡಿದ ಬಾಗಿಲ ಕೀಲಿನ ಸದ್ದು ಬಂತು. ನಿನ್ನೆಯ ವಿಡಿಯೋಗೇ ಇದ್ದ ದನಿಯೆಲ್ಲ ಖಾಲಿಯಾಗಿತ್ತು. ಮನಸ್ಸು ಲೈಬ್ರರಿಯ ಕಡೆ ಹೋಯಿತು. ಕುರ್ಚಿ, ಫ್ಯಾನು, ಹನ್ನೆರಡು ಬೀರು. ಹೋಗಲಿ ಬಿಡು ಎಂದುಕೊಂಡರು. ಎಂದುಕೊಳ್ಳುತ್ತಲೇ ಕೈ ಚೀಲದೊಳಗೆ ಹೋಗಿ, ಮಡಚಿಟ್ಟಿದ್ದ ಆ ಅಸಲಿ ಹಾಳೆ ಇದೆಯೇ ಎಂದು ತಡವಿ ನೋಡಿತು. ಇತ್ತು.

ತರಗತಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ, ಮುಂದಿನ ಬೆಂಚಿನಲ್ಲಿ ಕೋನಮಾಪಕವನ್ನು ಕತ್ತಿಯಂತೆ ಹಿಡಿದ ಜಗಳಗಂಟಿ. ಮೇಷ್ಟ್ರು ಮೇಜಿಗೆ ಒರಗಿ, ಚಾಕ್ ತೆಗೆದು, ಹಲಗೆಯ ಮೇಲೆ ಎರಡೇ ಸಾಲು ಬರೆದರು:

ವಿಡಿಯೋದ ತ್ರಿಭುಜದಲ್ಲಿ ತಪ್ಪಿದೆಯೇ?
ಸಾಧನೆಯಲ್ಲಿ ತಪ್ಪಿದೆಯೇ?

ಬರೆದು, ಅಸಲಿ ಹಾಳೆಯನ್ನು ಮೇಜಿನ ಮೇಲೆ ಕವುಚಿ ಇಟ್ಟು, ಟ್ಯಾಬ್ಲೆಟ್ಟನ್ನು ಬೆಂಚಿಗೆ ದಾಟಿಸಿದರು. ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದರು. ಹೆಡ್ ಮೇಡಂ ಹುಬ್ಬೇರಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಅವರು ಕಂಡಿದ್ದರು; ಕಿನ್ನರಿಯನ್ನೇ ಕೋಣಗಳ ಕೈಗೆ ಕೊಟ್ಟು ಕೂತವರನ್ನು ಕಂಡಿರಲಿಲ್ಲ.

ಮೊದಲ ಹತ್ತು ನಿಮಿಷ ಸಂತೆ. ಜಗಳಗಂಟಿ ನಿಂತೇ ಮಾತಾಡಿದಳು. "ನಮ್ಮಜ್ಜಿ ಮೊಬೈಲಲ್ಲಿ ನಲವತ್ತು. ನೀನೇ ನೋಡೋ!"

"ನಿಮ್ಮಜ್ಜಿ ಮೊಬೈಲ್ ಅಂಗೈಯಷ್ಟಿದೆ. ಕೋನಾನೂ ಸಣ್ಣಗಾಗಿರ್ತದೆ" ಎಂದ ಡಬಲ್ ಸ್ಪೀಡು.

"ಹಾಗಾದ್ರೆ ಟ್ಯಾಬಲ್ಲಿ ಅಳೆ."

ಟ್ಯಾಬ್ಲೆಟ್ಟು ಅಜ್ಜಿಯ ಮೊಬೈಲಿನ ಮೂರರಷ್ಟಿತ್ತು. ಅಳೆದರೆ ಅದರಲ್ಲೂ ನಲವತ್ತು, ಐವತ್ತು, ತೊಂಬತ್ತು. ಡಬಲ್ ಸ್ಪೀಡಿನ ವೇಗ ಜೀವನದಲ್ಲಿ ಮೊದಲ ಸಲ ಅರ್ಧಕ್ಕೆ ಇಳಿಯಿತು. "ಪರದೆ ದೊಡ್ಡದಾದ್ರೆ ಬಾಹು ಉದ್ದ ಆಗ್ತದೆ, ಕೋನ ಹಾಗೇ ಇರ್ತದೆ" ಎಂದು ಗೊಣಗಿ, ಅದನ್ನು ಯಾರಿಗೂ ಹೇಳದೆ ಪುಸ್ತಕದಲ್ಲಿ ಬರೆದುಕೊಂಡ. ಮೇಷ್ಟ್ರು ಅದನ್ನು ಕಂಡರು. ಅದು ಮುಂದಿನ ಅಧ್ಯಾಯದ ಪಾಠ.

"ಸಾರ್‌ಗೆ ಅಳೆಯೋಕೇ ಬರಲ್ಲ ಅನ್ನು" ಎಂದು ಯಾರೋ ಕಿಸಕ್ಕೆಂದರು.

"ಥೂ, ಮೂವತ್ತು ವರ್ಷದಿಂದ ಅಳೀತಿದ್ದಾರೆ."

"ಕುಣಿಯಕ್ಕೆ ಬಾರ್ದೋಳು ನೆಲ ಡೊಂಕು ಅಂದ್ಲಂತೆ. ಇವಳಿಗೆ ಅಳೆಯೋಕೆ ಬರಲ್ಲ, ಸಾರ್ ಮೇಲೆ ಹಾಕ್ತಾಳೆ."

ಜಗಳಗಂಟಿ ಕೆಂಪಾದಳು. ಟ್ಯಾಬ್ಲೆಟ್ಟಿಗೆ ಮೂಗು ತಾಗಿಸಿ ಇನ್ನೊಮ್ಮೆ ಅಳೆಯಹೊರಟವಳು ಹಾಗೇ ನಿಂತುಬಿಟ್ಟಳು. ಹಣೆಯಲ್ಲಿ ಗೆರೆ ಮೂಡಿತು. ಹಿಂದಿನ ಬೆಂಚಿನಿಂದ ಅದು ಕಾಣುತ್ತಿರಲಿಲ್ಲ, ಮೇಷ್ಟ್ರಿಗೆ ಕಾಣುತ್ತಿತ್ತು.

"ಸಾರ್," ಎಂದಳು ನಿಧಾನವಾಗಿ, "ನಿಮ್ಮನೆ ಲೋಟದ ತಳ ಮೊಟ್ಟೆ ಥರ ಇದ್ಯಾ?"

ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ತಲೆ ಅಲ್ಲಾಡಿಸಿದರು: ಇಲ್ಲ, ದುಂಡಗಿದೆ.

"ಹಾಗಾದ್ರೆ ಈ ಚಹಾ ಕಲೆ ಯಾಕೆ ಉದ್ದುದ್ದ ಇದೆ? ಅಗಲ ಸರಿ ಇದೆ, ಎತ್ತರ ಕುಗ್ಗಿದೆ..." ಅವಳು ತನ್ನ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಓರೆ ಮಾಡಿ, ಚಪ್ಪಟೆ ಮಾಡಿ, ಮತ್ತೆ ಓರೆ ಮಾಡಿ ನೋಡಿದಳು. "ಏ! ಮೇಲಿಂದ ನೋಡಿಲ್ಲ ಕಣೋ! ಮೊಬೈಲು ಓರೆಯಾಗಿ ನೋಡಿದೆ! ತ್ರಿಭುಜಾನೂ ಹಂಗೇ ಕುಗ್ಗಿದೆ!"

ಮೇಷ್ಟ್ರು ಮೇಜಿನ ಮೇಲಿನ ಹಾಳೆಯನ್ನು ತಿರುವಿ ಹಾಕಿದರು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಐವತ್ತು, ಅರವತ್ತು, ಎಪ್ಪತ್ತು. ಮೂಲೆಯಲ್ಲಿ ಚಹಾದ ಉಂಗುರ, ಹುಣ್ಣಿಮೆಯಷ್ಟು ದುಂಡಗೆ. ಒಬ್ಬಳು ನೆಲದಲ್ಲಿ ಮಂಡಿಯೂರಿ ಮೇಜಿನ ಅಂಚಿನಿಂದ ಓರೆಗಣ್ಣಲ್ಲಿ ನೋಡಿ, "ಈಗ ಮೊಟ್ಟೆ ಆಯ್ತು! ಬನ್ರೇ, ಇಲ್ಲಿಂದ ಮೊಟ್ಟೆ!" ಎಂದು ಕೂಗಿದಳು.

"ನೋಡಿದ್ಯಾ?" ಎಂದಳು ಜಗಳಗಂಟಿ, ಗಾದೆ ಹೇಳಿದವನ ಕಡೆ ತಿರುಗಿ. "ನೆಲ ನಿಜವಾಗ್ಲೂ ಡೊಂಕಿತ್ತು."

ಇಲ್ಲಿಗೇ ಮುಗಿದಿದ್ದರೆ ಅದು ಬರಿಯ ಪತ್ತೇದಾರಿ. ಮೇಷ್ಟ್ರು ಮೇಜಿನಿಂದ ಮೈ ಎತ್ತಿ ಹಲಗೆಗೆ ಹೋಗಿ ಎರಡನೇ ಸಾಲಿನ ಮೇಲೆ ಬೆರಳು ತಟ್ಟಿದರು. ಸಾಧನೆಯಲ್ಲಿ ತಪ್ಪಿದೆಯೇ? ಅದನ್ನು ಎಲ್ಲರೂ ಮರೆತಿದ್ದರು. ಎರಡು ಗುಂಪು "ಚಿತ್ರವೇ ತಪ್ಪಾದ್ಮೇಲೆ ಸಾಧನೇನೂ ತಪ್ಪು" ಎಂದು ಬರೆದು ಕೈ ತೊಳೆದುಕೊಂಡವು. ಒಂದು ಗುಂಪು ಪಕ್ಕದ ಗುಂಪಿನದನ್ನು ನಕಲು ಮಾಡಿತು, ಅದೂ ತಪ್ಪಾಗಿ. ಕಿಟಕಿಯ ಬಳಿಯ ಗುಂಪಿನಲ್ಲಿ ಡಬಲ್ ಸ್ಪೀಡು ವಿಡಿಯೋವನ್ನು ಸಮಾಂತರ ಗೆರೆ ಬರುವಲ್ಲಿ ನಿಲ್ಲಿಸಿ, ಪರದೆಯ ಮೇಲಿನ ಕೋನಗಳನ್ನು ಒಂದೊಂದಾಗಿ ಅಳೆದ. ಕೆಳಗೆ ನಲವತ್ತು, ಮೇಲೆ ಅದರ ಪರ್ಯಾಯ ಕೋನ ನಲವತ್ತು. ಕೆಳಗೆ ಐವತ್ತು, ಮೇಲೆ ಐವತ್ತು. ನಡುವೆ ತೊಂಬತ್ತು. ಒಂದು ನೇರ ಗೆರೆ.

"ಸಾರ್, ಡೊಂಕಾದ್ಮೇಲೂ ನೂರ ಎಂಬತ್ತೇ ಇದೆ!"

"ಯಾಕೆ?" ಮೇಷ್ಟ್ರ ಗಂಟಲಿಂದ ಆ ದಿನ ಹೊರಬಂದ ಮೊದಲ ಪದ. ಪದ ಎನ್ನುವುದಕ್ಕಿಂತ ಗಾಳಿ ಎನ್ನಬಹುದು.

ಅವನು ಜಗಳಗಂಟಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಿದಳು. ಇಬ್ಬರಿಗೂ ಇನ್ನೊಬ್ಬರು ಮೊದಲು ಹೇಳಿಬಿಡುತ್ತಾರೆಂಬ ಭಯ.

"ಡೊಂಕಾದ್ರೂ ಅದು ತ್ರಿಭುಜಾನೇ ತಾನೇ ಸಾರ್," ಎಂದಳು ಅವಳು. "ಬೇರೆ ತ್ರಿಭುಜ, ಅಷ್ಟೇ. ಸಾಧನೇಲಿ ಐವತ್ತು ಅಂತ ಎಲ್ಲೂ ಬರೋದೇ ಇಲ್ಲ. ಸಮಾಂತರ ಗೆರೆ ಒಂದಿದ್ರೆ ಸಾಕು. ಯಾವ ತ್ರಿಭುಜ ಆದ್ರೂ ನಡೀತದೆ."

ಅವಳ ಹಣೆಯ ಗೆರೆ ಅಳಿಸಿಹೋಗಿತ್ತು. ಮೇಷ್ಟ್ರು ಹಲಗೆಗೆ ಒರಗಿದರು. ಅಂಗಿಯ ಬೆನ್ನಿಗೆ ಅವರ ಎರಡೂ ಸಾಲು ಹತ್ತಿಕೊಂಡವು. ಗಂಟೆ ಹೊಡೆಯಿತು.

ಮಕ್ಕಳು ಹೊರಗೋಡಿದ ಮೇಲೆ ಹೆಡ್ ಮೇಡಂ ಹಿಂದಿನ ಬೆಂಚಿನಿಂದ ಎದ್ದು ಬಂದರು. ಅವರ ಮುಖದಲ್ಲಿ ತರಬೇತಿಯಿಂದ ಮರಳಿದ ದಿನದ ಹೊಳಪಿತ್ತು. ಕಂಡಕ್ಟರಿಗೆ ತಾವೇ ಫೋನು ಮಾಡುವುದಾಗಿ ಹೇಳಿದರು. ಲೈಬ್ರರಿಗೆ ಬೇರೆಯವರನ್ನು ನೋಡುವುದಾಗಿ ಹೇಳಿದರು. ಈ ಅಧ್ಯಾಯವಷ್ಟೇ ಅಲ್ಲ, ವರ್ಷಪೂರ್ತಿ ಗಣಿತ ಹೀಗೇ ನಡೆಯಲಿ ಎಂದರು. ಮೇಷ್ಟ್ರು ಕಣ್ಣು ಮುಚ್ಚಿದರು. ವರ್ಷಪೂರ್ತಿ ಭಾನುವಾರಗಳು ಕಣ್ಣ ಮುಂದೆ ಸಾಲಾಗಿ ನಿಂತವು, ಪ್ರತಿಯೊಂದಕ್ಕೂ ಒಂದು ಮಿಕ್ಸಿಯ ಸದ್ದು. ಆದರೂ ಎದೆಯಲ್ಲಿ ಏನೋ ಸಡಿಲವಾಯಿತು.

ಹೆಡ್ ಮೇಡಂ ಅಷ್ಟಕ್ಕೇ ಬಿಡಲಿಲ್ಲ. "ಅಬ್ಬಾ ಮೇಷ್ಟ್ರೇ, ಏನು ತಲೆ ನಿಮ್ದು! ಬೇಕಂತಲೇ ಕ್ಯಾಮರಾ ಓರೆ ಇಟ್ಟು, ಬೇಕಂತಲೇ ಚಹಾ ಕಲೆ ಬಿಟ್ಟು, ಮಕ್ಕಳೇ ಕಂಡುಹಿಡೀಲಿ ಅಂತ ಬಾಯೇ ಬಿಡದೆ ಕೂತ್ರಲ್ಲಾ! ಮುಂದಿನ ತರಬೇತೀಲಿ ಇದನ್ನ ನಾನು ಎಲ್ಲರಿಗೂ ಹೇಳ್ತೀನಿ. 'ಒರಗು ವಿಧಾನ' ಅಂತಲೇ ಹೆಸರಿಡೋಣ. ಒಂದೇ ಒಂದು ಹೇಳಿ, ಆ ಓರೆಯ ಲೆಕ್ಕಾಚಾರ ಹೇಗೆ ಮಾಡಿದ್ರಿ? ಇದೇ ಕೋನದಲ್ಲಿ ಇಡಬೇಕು ಅಂತ ಹೇಗೆ ಹೊಳೀತು?"

ಕಾರಿಡಾರಿನಲ್ಲಿ ಹಾದುಹೋಗುತ್ತಿದ್ದ ಇಬ್ಬರು ಮಕ್ಕಳು ಕಿವಿ ನಿಮಿರಿಸಿ ನಿಂತರು. ಮುಂದಿನ ಪುರಾಣಕ್ಕೆ ಗೋಡೆ ಸಿದ್ಧವಾಗಿತ್ತು. ಮೇಷ್ಟ್ರು ಒರಗುವುದಷ್ಟೇ ಬಾಕಿ. ಅವರು ಗಂಟಲು ಸವರಿಕೊಂಡು, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿದರು.

"ಉದ್ದ ಡಬ್ಬೀಲಿ ಹಿಟ್ಟಿತ್ತು ಮೇಡಂ. ಮನೆಯವಳು ಮುಟ್ಟೋಕೆ ಬಿಡ್ಲಿಲ್ಲ."